ಸ್ಟೋರ್ ಮ್ಯಾನೇಜರ್ ರೆಸ್ಯೂಮೆ: ಅಂಕಿಗಳು ಒಂದಕ್ಕೊಂದು ತಾಳೆಯಾಗಬೇಕು

ಪ್ರಶ್ನೆ: ದಾವಣಗೆರೆಯ ರೆಡಿಮೇಡ್ ಬಟ್ಟೆ ಶೋರೂಮ್ ಒಂದರಲ್ಲಿ ಸ್ಟೋರ್ ಮ್ಯಾನೇಜರ್ ಆಗಿದ್ದೇನೆ. 8,000 ಚದರ ಅಡಿ, 22 ಜನರ ಟೀಮ್. ಬೆಂಗಳೂರಿನ ದೊಡ್ಡ ಚೈನ್‌ಗಳಿಗೆ ಅರ್ಜಿ ಹಾಕುತ್ತಿದ್ದೇನೆ, ಫೋನೇ ಬರುತ್ತಿಲ್ಲ. ‘2024-25ರಲ್ಲಿ ಸೇಲ್ಸ್ ಶೇ 15 ಬೆಳೆದಿದೆ’ ಎಂದು ರೆಸ್ಯೂಮೆಯಲ್ಲಿ ಹಾಕಿದ್ದೇನೆ. ಫುಟ್‌ಫಾಲ್, ಸ್ಟಾಕ್, ಶ್ರಿಂಕೇಜ್, ಟೀಮ್ ಇವನ್ನೆಲ್ಲ ಹೇಗೆ ತೋರಿಸಬೇಕು? ಶ್ರಿಂಕೇಜ್ ಬರೆದರೆ ನಮ್ಮ ಮೇಲೇ ಬರುವುದಿಲ್ಲವೇ?

ಉತ್ತರ: ರೆಸ್ಯೂಮೆ ಮೊದಲು ಎಚ್‌ಆರ್ ಕೈಗೆ ಹೋಗುತ್ತದೆ ನಿಜ. ಆದರೆ ನಿಮ್ಮನ್ನು ಕರೆಯಬೇಕೇ ಎಂದು ಹೇಳುವವರು ಸಾಮಾನ್ಯವಾಗಿ ಏರಿಯಾ ಮ್ಯಾನೇಜರ್ ಅಥವಾ ಆಪರೇಷನ್ಸ್ ಮುಖ್ಯಸ್ಥರು. ಅವರು ದಿನಾ ಹತ್ತಾರು ಸ್ಟೋರ್‌ಗಳ ವರದಿ ನೋಡುವವರು. ‘ಸೇಲ್ಸ್ ಶೇ 15 ಬೆಳೆದಿದೆ’ ಎಂಬ ಸಾಲು ಕಂಡ ಕೂಡಲೇ ಅವರ ತಲೆಯಲ್ಲಿ ಏಳುವ ಪ್ರಶ್ನೆ ಒಂದೇ: ಯಾವುದರಿಂದ ಬೆಳೆಯಿತು? ಜನ ಹೆಚ್ಚು ಬಂದರೋ, ಬಂದವರಲ್ಲಿ ಹೆಚ್ಚು ಜನ ಕೊಂಡರೋ, ಅಥವಾ ಕೊಂಡವರು ಹೆಚ್ಚು ಮೊತ್ತಕ್ಕೆ ಕೊಂಡರೋ? ಇದಕ್ಕೆ ರೆಸ್ಯೂಮೆಯಲ್ಲೇ ಉತ್ತರ ಸಿಗದಿದ್ದರೆ ಆ ಶೇ 15 ಇದ್ದೂ ಇಲ್ಲದಂತೆ.

ಆದ್ದರಿಂದ ಫುಟ್‌ಫಾಲ್ ಒಂದು ಕಡೆ, ಸೇಲ್ಸ್ ಇನ್ನೊಂದು ಕಡೆ ಎಂದು ಬಿಡಿಬಿಡಿಯಾಗಿ ಬರೆಯಬೇಡಿ. ಅವು ಒಂದೇ ಲೆಕ್ಕದ ತುಂಡುಗಳು:

ಸೇಲ್ಸ್ = ಫುಟ್‌ಫಾಲ್ × ಕನ್ವರ್ಷನ್ × ಸರಾಸರಿ ಬಿಲ್ ಮೊತ್ತ

ಫುಟ್‌ಫಾಲ್ ಎಂದರೆ ಒಳಗೆ ಬಂದವರ ಸಂಖ್ಯೆ, ಕನ್ವರ್ಷನ್ ಎಂದರೆ ಆ ಸಂಖ್ಯೆಗೆ ಎಷ್ಟು ಬಿಲ್ ಆಯಿತು ಎಂಬ ಶೇಕಡಾವಾರು. ನೀವು ಕೊಟ್ಟ ಮೂರು ಅಂಕಿಗಳನ್ನು ಓದುವವರು ಗುಣಿಸಿ ನೋಡುತ್ತಾರೆ. ಬಂದ ಉತ್ತರಕ್ಕೂ ನೀವು ಬರೆದ ಸೇಲ್ಸ್‌ಗೂ ಹೊಂದದಿದ್ದರೆ ಮುಂದಕ್ಕೆ ಓದುವುದಿಲ್ಲ.

ಮೊದಲು ಆ ಶೇ 15ರ ಬಗ್ಗೆ

ಈ ಅಂಕಿ ಸುಳ್ಳಲ್ಲದೇ ಇರಬಹುದು, ಆದರೆ ಇಂಟರ್‌ವ್ಯೂನಲ್ಲಿ ನಿಲ್ಲುವುದು ಕಷ್ಟ. ಕಾರಣ ಪಂಚಾಂಗದಲ್ಲಿದೆ. ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂತು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದಲ್ಲಿ ಇಟ್ಟು ನೋಡಿ: 2023-24ರಲ್ಲಿ ಯುಗಾದಿಯೇ ಇಲ್ಲ, 2024-25ರಲ್ಲಿ ಎರಡು ಯುಗಾದಿ. ರಂಜಾನ್ ಹಬ್ಬವೂ 2024-25ರಲ್ಲಿ ಎರಡು ಸಲ ಬಂತು: 2024ರಲ್ಲಿ ಏಪ್ರಿಲ್ 11ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ. ಎರಡೂ ಒಂದೇ ಹಣಕಾಸು ವರ್ಷಕ್ಕೆ ಸೇರಿದವು. 2024ರ ಯುಗಾದಿಯ ಖರೀದಿ ಸ್ವಲ್ಪ ಮಟ್ಟಿಗೆ ಮಾರ್ಚ್ ಕೊನೆಯ ವಾರದಲ್ಲೇ ಶುರುವಾಗಿರುತ್ತದೆ, ಹಾಗಾಗಿ ವ್ಯತ್ಯಾಸ ಪೂರ್ತಿ ಎರಡು ಪಟ್ಟಲ್ಲ. ಆದರೂ ಕರ್ನಾಟಕದ ಬಟ್ಟೆ ಅಂಗಡಿಗಳಿಗೆ ಆ ವರ್ಷದ ಬೆಳವಣಿಗೆಯಲ್ಲಿ ಒಂದು ಪಾಲು ಹಬ್ಬ ಕೊಟ್ಟದ್ದು, ಮ್ಯಾನೇಜರ್ ಗಳಿಸಿದ್ದಲ್ಲ. ಇಲ್ಲಿನ ಸ್ಟೋರ್‌ಗಳನ್ನು ನೋಡಿಕೊಳ್ಳುವ ಏರಿಯಾ ಮ್ಯಾನೇಜರ್‌ಗೆ ಇದು ಚೆನ್ನಾಗಿ ಗೊತ್ತು.

ಇದಕ್ಕೆ ಸರಳ ದಾರಿ: ಮೇ ತಿಂಗಳಿಂದ ಫೆಬ್ರವರಿವರೆಗಿನ ಹತ್ತು ತಿಂಗಳನ್ನು ಹಿಂದಿನ ವರ್ಷದ ಅದೇ ಹತ್ತು ತಿಂಗಳ ಜೊತೆ ಹೋಲಿಸಿ. ಎರಡು ಸಲವೂ ಆ ಅವಧಿಯಲ್ಲಿ ಯುಗಾದಿ ಇಲ್ಲ, ರಂಜಾನ್ ಇಲ್ಲ. ವರಮಹಾಲಕ್ಷ್ಮಿ, ದಸರಾ, ದೀಪಾವಳಿ ಎರಡರಲ್ಲೂ ಒಂದೊಂದು ಸಲ ಬರುತ್ತವೆ. ಸ್ಟೋರ್‌ನ ವಿಸ್ತೀರ್ಣವೂ ಬದಲಾಗಿಲ್ಲದಿದ್ದರೆ ಇದು ಸರಿಯಾದ ಹೋಲಿಕೆ. ನಿಮ್ಮ ಅಳತೆಯ ಸ್ಟೋರ್‌ಗೆ ಹೊಂದುವಂಥ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡೋಣ.

| ಮೇ–ಫೆಬ್ರವರಿ | 2023-24 | 2024-25 |
|---|---|---|
| ಫುಟ್‌ಫಾಲ್ | 1,50,000 | 1,48,500 |
| ಬಿಲ್‌ಗಳು | 45,000 | 49,005 |
| ಕನ್ವರ್ಷನ್ | ಶೇ 30 | ಶೇ 33 |
| ಸರಾಸರಿ ಬಿಲ್ | ₹1,250 | ₹1,275 |
| ಸೇಲ್ಸ್ | ₹5.63 ಕೋಟಿ | ₹6.25 ಕೋಟಿ |

ಬೆಳವಣಿಗೆ ಶೇ 11. ಹದಿನೈದು ಹೋಗಿ ಹನ್ನೊಂದಾಯಿತಲ್ಲ ಎಂದು ಬೇಸರ ಬೇಡ. ಬಾಗಿಲಿಗೆ ಬಂದ ಜನ ಶೇ 1 ಕಡಿಮೆಯಾದರೂ ಸೇಲ್ಸ್ ಏರಿದೆ, ಏರಿಕೆಯ ಬಹುಪಾಲು ಕನ್ವರ್ಷನ್‌ನಿಂದ ಬಂದಿದೆ. ಫುಟ್‌ಫಾಲ್ ರಸ್ತೆ, ಸೀಸನ್, ಕಂಪನಿಯ ಜಾಹೀರಾತು ಇವುಗಳ ಕೈಯಲ್ಲಿರುತ್ತದೆ. ಕನ್ವರ್ಷನ್ ಮಾತ್ರ ಬಹುಮಟ್ಟಿಗೆ ಫ್ಲೋರ್ ನಡೆಸುವವರ ಕೈಯಲ್ಲಿರುತ್ತದೆ. ನೇಮಕ ಮಾಡುವವರು ದುಡ್ಡು ಕೊಡುವುದು ಇದಕ್ಕೆ.

ಇನ್ನೊಂದು ಮಾತು: ಸೇಲ್ಸ್ ಎಂದಾಗ ಜಿಎಸ್‌ಟಿ ಬಿಟ್ಟು, ವಾಪಸ್ ಬಂದ ಮಾಲು ಕಳೆದು ಉಳಿದದ್ದನ್ನೇ ಎರಡೂ ವರ್ಷಕ್ಕೆ ಹಾಕಿ. 2025ರ ಸೆಪ್ಟೆಂಬರ್ 22ರಿಂದ ಬಟ್ಟೆಯ ಜಿಎಸ್‌ಟಿ ದರ ಬದಲಾಗಿದೆ. ತೆರಿಗೆ ಸೇರಿಸಿದ ಮೊತ್ತ ಹಿಡಿದರೆ ಅದರಾಚೆಯ ತಿಂಗಳುಗಳನ್ನು ಹಿಂದಿನವುಗಳ ಜೊತೆ ಹೋಲಿಸಲು ಬರುವುದಿಲ್ಲ.

ಕನ್ವರ್ಷನ್ ಏರಿತು ಎಂದರೆ ನಂಬುತ್ತಾರೆಯೇ?

ಸುಮ್ಮನೆ ನಂಬುವುದಿಲ್ಲ, ಏಕೆಂದರೆ ಈ ಅಂಕಿ ತಾನಾಗಿಯೇ ಏರುವ ದಾರಿಗಳಿವೆ. ಬಾಗಿಲ ಬಳಿಯ ಕೌಂಟರ್ ಸೆನ್ಸರ್‌ಗೆ ಆಫರ್ ಬ್ಯಾನರ್ ಅಡ್ಡ ಬಂದರೆ ಎಣಿಕೆ ಕಡಿಮೆಯಾಗಿ ಕನ್ವರ್ಷನ್ ಜಿಗಿಯುತ್ತದೆ. ಸಿಬ್ಬಂದಿ ಟೀ ಕುಡಿಯಲು ಅದೇ ಬಾಗಿಲಲ್ಲಿ ಓಡಾಡಿದರೆ ಎಣಿಕೆ ಹೆಚ್ಚಾಗಿ ಕನ್ವರ್ಷನ್ ಬೀಳುತ್ತದೆ. ಮುಂದಿನ ವರ್ಷ ಅವರನ್ನು ಹಿಂಬಾಗಿಲಿಗೆ ಕಳಿಸಿದರೆ ಏನೂ ಮಾಡದೆ ‘ಸುಧಾರಣೆ’ ಕಾಣುತ್ತದೆ. ಸೆಕ್ಯೂರಿಟಿಯವರು ರಿಜಿಸ್ಟರ್‌ನಲ್ಲಿ ಗೀಟು ಹಾಕುವ ಪದ್ಧತಿ ಇದ್ದಲ್ಲಿ ಭಾನುವಾರ ಸಂಜೆಯ ಎಣಿಕೆ ಬಹುಪಾಲು ಅಂದಾಜು. ಇನ್ನು ಕೆಲವು ಕಡೆ ಒಬ್ಬರ ಖರೀದಿಯನ್ನೇ ಎರಡು ಬಿಲ್ ಮಾಡುತ್ತಾರೆ. ಆಗ ಕನ್ವರ್ಷನ್ ಏರಿದಂತೆ ಕಾಣುತ್ತದೆ, ಆದರೆ ಒಂದು ಬಿಲ್‌ಗೆ ಎಷ್ಟು ಪೀಸ್ ಎಂಬ ಸರಾಸರಿ ಬಿದ್ದುಹೋಗಿ ಗುಟ್ಟು ಬಿಟ್ಟುಕೊಡುತ್ತದೆ.

ಹಾಗಾಗಿ ಅಂಕಿ ಬರೆಯುವ ಮುಂಚೆ ನೀವೇ ಪರೀಕ್ಷಿಸಿಕೊಳ್ಳಿ. ಒಂದು ಸಾಮಾನ್ಯ ದಿನ, ಒಂದು ವಾರಾಂತ್ಯ, ಎರಡೂ ದಿನ ಒಂದೊಂದು ಗಂಟೆ ಕೈಯಲ್ಲಿ ಎಣಿಸಿ ಸೆನ್ಸರ್ ಜೊತೆ ಹೋಲಿಸಿ. ದಿನವಾರು ವರದಿಯಲ್ಲಿ ಕನ್ವರ್ಷನ್ ಇದ್ದಕ್ಕಿದ್ದಂತೆ ಎರಡು ಪಟ್ಟಾದ ದಿನಗಳಿದ್ದರೆ ಅವನ್ನು ಬಿಟ್ಟು ಲೆಕ್ಕ ಮಾಡಿ. ಒಂದು ಬಿಲ್‌ಗೆ ಎಷ್ಟು ಪೀಸ್ ಎಂಬುದು ಕುಸಿದಿಲ್ಲ ಎಂಬುದನ್ನೂ ನೋಡಿಕೊಳ್ಳಿ. ನಮ್ಮ ಕಡೆ ಬಟ್ಟೆ ಕೊಳ್ಳಲು ಮನೆಮಂದಿಯೆಲ್ಲ ಒಟ್ಟಿಗೆ ಬಂದು ಒಂದೇ ಬಿಲ್ ಮಾಡಿಸುವುದರಿಂದ ಕನ್ವರ್ಷನ್ ಮೇಲ್ನೋಟಕ್ಕೆ ಕಡಿಮೆ ಅನ್ನಿಸಬಹುದು. ಅದನ್ನು ಹಿಗ್ಗಿಸಲು ಹೋಗಬೇಡಿ, ಈ ವ್ಯಾಪಾರದಲ್ಲಿರುವವರಿಗೆ ಅದು ಅರ್ಥವಾಗುತ್ತದೆ.

ಅಂಕಿಯ ಜೊತೆಗೆ ಕಾರಣವೂ ಬೇಕು. ‘ಉತ್ತಮ ಗ್ರಾಹಕ ಸೇವೆಯಿಂದ’ ಎಂಬುದು ಕಾರಣವಲ್ಲ. ಈ ಉದಾಹರಣೆಯಲ್ಲಿ ಕಾರಣ ಡ್ಯೂಟಿ ಪಟ್ಟಿಯಲ್ಲಿತ್ತು ಎಂದಿಟ್ಟುಕೊಳ್ಳಿ. 22 ಜನರಲ್ಲಿ ವಾರದ ರಜೆ ಕಳೆದು ದಿನಕ್ಕೆ 19 ಜನ. ಬೆಳಗಿನ ಶಿಫ್ಟ್‌ನಲ್ಲಿ 12, ಮಧ್ಯಾಹ್ನದ ಶಿಫ್ಟ್‌ನಲ್ಲಿ 7. ಬೆಳಗಿನವರು ಸಂಜೆ 7ಕ್ಕೆ ಹೊರಟರೆ ಜನ ತುಂಬಿರುವ ಹೊತ್ತಿನಲ್ಲೇ ಸ್ಟೋರ್‌ನಲ್ಲಿ ಏಳು ಮಂದಿ ಉಳಿಯುತ್ತಿದ್ದರು. ಟ್ರಯಲ್ ರೂಮ್ ಎದುರು ಸಾಲು, ಸೈಜ್ ತಂದುಕೊಡುವವರಿಲ್ಲ, ಗಿರಾಕಿ ಬಟ್ಟೆ ಅಲ್ಲೇ ಬಿಟ್ಟು ಹೊರಟರು. ಶಿಫ್ಟ್ ಅನ್ನು 8 ಮತ್ತು 11 ಎಂದು ತಿರುಗಿಸಿದ ಮೇಲೆ ಸಂಜೆಯ ಕನ್ವರ್ಷನ್ ಏರಿತು. ರೆಸ್ಯೂಮೆಗೆ ಇಷ್ಟೇ ಸಾಲು ಸಾಕು:

> ಫುಟ್‌ಫಾಲ್ ಶೇ 1 ಇಳಿದರೂ ಮೇ–ಫೆಬ್ರವರಿ ಸೇಲ್ಸ್ ₹5.63 ಕೋಟಿಯಿಂದ ₹6.25 ಕೋಟಿಗೆ (ಶೇ 11). ಗಂಟೆವಾರು ಫುಟ್‌ಫಾಲ್ ನೋಡಿ ಸಂಜೆ 7ರ ನಂತರದ ಸಿಬ್ಬಂದಿಯನ್ನು 7ರಿಂದ 11ಕ್ಕೆ ಏರಿಸಿದ್ದರಿಂದ ಕನ್ವರ್ಷನ್ ಶೇ 30ರಿಂದ 33ಕ್ಕೆ. ಒಟ್ಟು ಸಿಬ್ಬಂದಿ ಸಂಖ್ಯೆಯಲ್ಲಿ ಬದಲಾವಣೆ ಇಲ್ಲ.

ಕನ್ವರ್ಷನ್ 30ರಿಂದ 33ಕ್ಕೆ ಹೋದದ್ದನ್ನು ‘ಶೇ 3 ಏರಿಕೆ’ ಎಂದೂ ಬರೆಯಬೇಡಿ, ‘ಶೇ 10 ಏರಿಕೆ’ ಎಂದೂ ಬರೆಯಬೇಡಿ. ಎರಡಕ್ಕೂ ಬೇರೆ ಬೇರೆ ಅರ್ಥ ಬರುತ್ತದೆ. ‘ಇಷ್ಟಿದ್ದದ್ದು ಇಷ್ಟಾಯಿತು’ ಎಂದರೆ ಗೊಂದಲವೇ ಇಲ್ಲ. ಬೆಂಗಳೂರಿನ ಸ್ಟೋರ್ ನಿಮ್ಮದಕ್ಕಿಂತ ದೊಡ್ಡದೋ ಚಿಕ್ಕದೋ ಇರಬಹುದು, ಹೋಲಿಕೆಗೆ ಚದರ ಅಡಿಯ ಲೆಕ್ಕ ನೆರವಾಗುತ್ತದೆ: ₹6.25 ಕೋಟಿಯನ್ನು ಹತ್ತು ತಿಂಗಳಿಗೂ 8,000 ಚದರ ಅಡಿಗೂ ಭಾಗಿಸಿದರೆ ತಿಂಗಳಿಗೆ ಚದರ ಅಡಿಗೆ ಸುಮಾರು ₹781. ಹಿಂದಿನ ವರ್ಷ ₹703.

ಶ್ರಿಂಕೇಜ್ ಬರೆಯಲೇಬೇಕು

ಬರೆಯದಿದ್ದರೆ ‘ಕೆಟ್ಟದಾಗಿದೆ, ಮುಚ್ಚಿಟ್ಟಿದ್ದಾರೆ’ ಅಥವಾ ‘ಇವರ ಸ್ಟೋರ್‌ನಲ್ಲಿ ಆಡಿಟ್ ನೋಡುವವರು ಬೇರೆ’ ಎಂದು ಓದಿಕೊಳ್ಳುತ್ತಾರೆ. ಶ್ರಿಂಕೇಜ್ ಎಂದರೆ ಲೆಕ್ಕದಲ್ಲಿದ್ದು ಸ್ಟೋರ್‌ನಲ್ಲಿ ಸಿಗದ ಮಾಲು, ಅದು ಇಲ್ಲದ ಸ್ಟೋರ್ ಇಲ್ಲ. ನಿಜ ಹೇಳಬೇಕೆಂದರೆ ‘ಶೂನ್ಯ ಶ್ರಿಂಕೇಜ್’ ಎಂದು ಬರೆದ ರೆಸ್ಯೂಮೆಯ ಮೇಲೆಯೇ ಹೆಚ್ಚು ಅನುಮಾನ ಬರುತ್ತದೆ.

ಲೆಕ್ಕ ಹೀಗೆ: ಆಡಿಟ್ ದಿನ ಸಿಸ್ಟಮ್ ತೋರಿಸುವ ಸ್ಟಾಕ್‌ನಿಂದ ಕೈಯಲ್ಲಿ ಸ್ಕ್ಯಾನ್ ಮಾಡಿ ಸಿಕ್ಕ ಸ್ಟಾಕ್ ಕಳೆಯಬೇಕು, ಬಂದ ವ್ಯತ್ಯಾಸವನ್ನು ಹಿಂದಿನ ಆಡಿಟ್‌ನಿಂದ ಈ ಆಡಿಟ್‌ವರೆಗಿನ ಸೇಲ್ಸ್‌ಗೆ ಭಾಗಿಸಬೇಕು. ಹಣಕಾಸು ವರ್ಷದ ಸೇಲ್ಸ್‌ಗಲ್ಲ, ಎರಡು ಆಡಿಟ್ ನಡುವಿನ ಸೇಲ್ಸ್‌ಗೆ. ಆಡಿಟ್ 14 ತಿಂಗಳಿಗೊಮ್ಮೆ ಆಗಿ 12 ತಿಂಗಳ ಸೇಲ್ಸ್‌ಗೆ ಭಾಗಿಸಿದರೆ ನಿಮಗೇ ನಷ್ಟ.

ಉದಾಹರಣೆಗೆ, ಸಿಸ್ಟಮ್‌ನಲ್ಲಿ ಎಂಆರ್‌ಪಿ ಲೆಕ್ಕದಲ್ಲಿ ₹2.10 ಕೋಟಿ ಸ್ಟಾಕ್, ಸ್ಕ್ಯಾನ್‌ನಲ್ಲಿ ಸಿಕ್ಕಿದ್ದು ₹2.03 ಕೋಟಿ. ಮೊದಲ ವ್ಯತ್ಯಾಸ ₹7 ಲಕ್ಷ. ಅದರಲ್ಲಿ ₹1.8 ಲಕ್ಷದ ಮಾಲು ಬೇರೆ ಬ್ರಾಂಚ್‌ಗೆ ಹೊರಟು ಅಲ್ಲಿ ಇನ್ನೂ ಇನ್‌ವರ್ಡ್ ಆಗಿಲ್ಲ, ಇಲ್ಲಿ ಔಟ್‌ವರ್ಡ್ ಎಂಟ್ರಿಯೂ ಬಾಕಿ. ₹1.2 ಲಕ್ಷದ್ದು ಡ್ಯಾಮೇಜ್ ಎಂದು ಗೋದಾಮಿಗೆ ಮರಳಿಸಿದ್ದು, ಸಿಸ್ಟಮ್‌ನಲ್ಲಿ ಇಳಿಸಿಲ್ಲ. ದಾಖಲೆ ಸಮೇತ ಇವನ್ನು ಸರಿಪಡಿಸಿದ ಮೇಲೆ ಉಳಿದದ್ದು ₹4 ಲಕ್ಷ. ಅವಧಿಯ ಸೇಲ್ಸ್ ₹8 ಕೋಟಿ ಇದ್ದರೆ ಶ್ರಿಂಕೇಜ್ ಶೇ 0.5. ಅದೇ ₹4 ಲಕ್ಷವನ್ನು ಕೊಳ್ಳುವ ಬೆಲೆಯಲ್ಲಿ ಹಿಡಿದರೆ, ಬೆಲೆ ಎಂಆರ್‌ಪಿಯ ಶೇ 55 ಎಂದುಕೊಂಡರೆ, ₹2.2 ಲಕ್ಷ, ಶೇ 0.28 ಆಗುತ್ತದೆ. ನಷ್ಟ ಒಂದೇ, ಅಂಕಿ ಎರಡು. ಆದ್ದರಿಂದ ‘ಎಂಆರ್‌ಪಿ ಆಧಾರ’ ಅಥವಾ ‘ಕಾಸ್ಟ್ ಆಧಾರ’ ಎಂಬುದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ. ಬೇರೆ ಕಂಪನಿಯ ಅಳತೆಗೋಲು ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಬೆಲೆಯ ಎರಡು ಶರ್ಟ್‌ಗಳ ಬಾರ್‌ಕೋಡ್ ಅದಲುಬದಲಾದರೆ ಒಂದರಲ್ಲಿ ಕೊರತೆ, ಇನ್ನೊಂದರಲ್ಲಿ ಹೆಚ್ಚುವರಿ. ಮೊತ್ತದಲ್ಲಿ ಎರಡೂ ಸೊನ್ನೆಯಾಗಿ ಮುಚ್ಚಿಹೋಗುತ್ತದೆ. ಹಾಗಾಗಿ ಅನುಭವಿಗಳು ‘ನಿವ್ವಳ ಎಷ್ಟು, ಕೊರತೆ ಮಾತ್ರ ಎಷ್ಟು?’ ಎಂದು ಬಿಡಿಸಿ ಕೇಳುತ್ತಾರೆ. ಎರಡೂ ಅಂಕಿ ನೆನಪಿನಲ್ಲಿರಲಿ, ರೆಸ್ಯೂಮೆಗೆ ನಿವ್ವಳ ಸಾಕು.

ಕಳವು ಎಂದು ಸಾರಾಸಗಟಾಗಿ ಬರೆಯುವುದು ಇನ್ನೊಂದು ಸಾಮಾನ್ಯ ತಪ್ಪು. ‘ಕಳ್ಳತನ ತಡೆದು ಶ್ರಿಂಕೇಜ್ ಇಳಿಸಿದೆ’ ಎಂದರೆ ‘ಎಷ್ಟು ಜನರನ್ನು ಹಿಡಿದಿರಿ?’ ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ. ಮಾಲು ಇಳಿಸಿಕೊಳ್ಳುವಾಗ ಪೀಸ್ ಎಣಿಸದೆ ಇನ್‌ವಾಯ್ಸ್ ಇದ್ದಂತೆ ಜಿಆರ್‌ಎನ್ ಎಂಬ ಮಾಲು ಸ್ವೀಕೃತಿ ದಾಖಲೆ ಮಾಡುವುದು, ಎಕ್ಸ್‌ಚೇಂಜ್‌ನಲ್ಲಿ ಬಂದ ಪೀಸ್ ಸ್ಕ್ಯಾನ್ ಮಾಡದಿರುವುದು, ಟ್ರಯಲ್ ರೂಮ್‌ಗೆ ಎಷ್ಟು ಪೀಸ್ ಹೋಯಿತೆಂದು ಟೋಕನ್ ಕೊಡದಿರುವುದು, ಇಂಥವೂ ಶ್ರಿಂಕೇಜ್‌ಗೆ ಕಾರಣಗಳೇ. ನೀವು ನಿಜವಾಗಿ ಸರಿಪಡಿಸಿದ್ದನ್ನೇ ಹೆಸರಿಸಿ:

> ಶ್ರಿಂಕೇಜ್ ಶೇ 1.1ರಿಂದ ಶೇ 0.5ಕ್ಕೆ (ಎಂಆರ್‌ಪಿ ಆಧಾರ, ಸತತ ಎರಡು ಪೂರ್ಣ ಆಡಿಟ್). ಜಿಆರ್‌ಎನ್‌ಗೆ ಮುಂಚೆ ಶೇ 100 ಪೀಸ್ ಎಣಿಕೆ, ಟ್ರಯಲ್ ರೂಮ್ ಟೋಕನ್, ವಾರಕ್ಕೊಂದು ವಿಭಾಗದ ಎಣಿಕೆ.

ನಿಮ್ಮ ಸ್ಟೋರ್‌ನ ಶ್ರಿಂಕೇಜ್ ಏರಿದ್ದರೆ? ಆಗಲೂ ಬರೆಯಬಹುದು, ಏರಿದ್ದು ಯಾವ ಆಡಿಟ್‌ನಲ್ಲಿ, ಆಮೇಲೆ ಏನಾಯಿತು ಎಂಬುದರ ಸಮೇತ. ನೀವು ಸೇರುವ ಮುಂಚಿನ ಅವಧಿಯೂ ಆ ಆಡಿಟ್‌ನಲ್ಲಿ ಸೇರಿದ್ದರೆ ಅದನ್ನು ಹೇಳುವುದು ನೆಪವಲ್ಲ, ಮಾಹಿತಿ.

ಸ್ಟಾಕ್‌ನಲ್ಲಿ ನಿಮ್ಮ ಪಾಲು ಎಷ್ಟು, ಅಷ್ಟೇ

ಹೆಚ್ಚಿನ ಚೈನ್‌ಗಳಲ್ಲಿ ಏನು ಕೊಳ್ಳಬೇಕು, ಯಾವ ಸ್ಟೋರ್‌ಗೆ ಎಷ್ಟು ಕಳಿಸಬೇಕು ಎಂಬುದನ್ನು ಹೆಡ್ ಆಫೀಸ್ ನಿರ್ಧರಿಸುತ್ತದೆ. ‘ಇನ್ವೆಂಟರಿ ಪ್ಲಾನಿಂಗ್ ಮಾಡಿದ್ದೇನೆ’ ಎಂದು ಬರೆದರೆ ಅದು ನಿಮ್ಮ ಕೆಲಸವಲ್ಲ ಎಂಬುದು ಕೂಡಲೇ ತಿಳಿಯುತ್ತದೆ. ನಿಮ್ಮ ಕೈಯಲ್ಲಿರುವುದು ಮೂರು: ಬಂದ ಬಾಕ್ಸ್ ಎಷ್ಟು ಗಂಟೆಯಲ್ಲಿ ಫ್ಲೋರ್ ಮುಟ್ಟುತ್ತದೆ, ಗೋಡೌನ್‌ನಲ್ಲಿ ಇದ್ದೂ ಫ್ಲೋರ್‌ನಲ್ಲಿ ಇಲ್ಲದ ಸೈಜ್‌ಗಳು ಎಷ್ಟು, ಓಡದ ಮಾಲನ್ನು ಎಷ್ಟು ಬೇಗ ಗುರುತಿಸಿ ಬೇರೆ ಬ್ರಾಂಚ್‌ಗೆ ಕಳಿಸುತ್ತೀರಿ. ಇವುಗಳಲ್ಲಿ ದಾಖಲೆ ಇರುವುದನ್ನು ಬರೆಯಿರಿ. ‘ಬಾಕ್ಸ್‌ನಿಂದ ಫ್ಲೋರ್‌ಗೆ 72 ಗಂಟೆ ಇದ್ದದ್ದು 24 ಗಂಟೆ’ ಎಂಬ ಸಾಲಿಗೆ ಜಿಆರ್‌ಎನ್ ಸಮಯವೇ ಸಾಕ್ಷಿ.

ಜೊತೆಗೆ ಸ್ಟಾಕ್ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬುದೂ ಇರಲಿ. ₹2.10 ಕೋಟಿ ಸ್ಟಾಕ್, ತಿಂಗಳಿಗೆ ₹65 ಲಕ್ಷ ಸೇಲ್ಸ್ ಎಂದರೆ ಸುಮಾರು 97 ದಿನ. ಈ ಅಂಕಿ ಒಂದೇ ಇದ್ದರೆ ಪ್ರಯೋಜನ ಕಡಿಮೆ, ಹೊಸ ಮಾಲು ಬರದೇ ಇದ್ದರೂ ದಿನಗಳು ಇಳಿಯುತ್ತವೆ. 180 ದಿನ ದಾಟಿದ ಹಳೇ ಮಾಲು ಒಟ್ಟು ಸ್ಟಾಕ್‌ನಲ್ಲಿ ಶೇ ಎಷ್ಟು ಎಂಬುದನ್ನು ಪಕ್ಕದಲ್ಲಿ ಕೊಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ.

ಟೀಮ್

‘22 ಜನರ ಟೀಮ್ ಮುನ್ನಡೆಸಿದ್ದೇನೆ’ ಎಂಬುದನ್ನು ಬಿಡಿಸಿ ಬರೆಯಿರಿ: ವಿಭಾಗದ ಸೂಪರ್‌ವೈಸರ್ ಎಷ್ಟು, ಕ್ಯಾಷಿಯರ್ ಎಷ್ಟು, ಫ್ಲೋರ್ ಸಿಬ್ಬಂದಿ ಎಷ್ಟು, ಗೋಡೌನ್‌ನಲ್ಲಿ ಎಷ್ಟು. ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಏಜೆನ್ಸಿಯವರನ್ನು ಒಟ್ಟಿಗೆ ಕೂಡಿಸಬೇಡಿ, ಪ್ರತ್ಯೇಕ ಹೇಳಿ. ರಿಟೇಲ್‌ನಲ್ಲಿ ಹುಡುಗರು ಬೇಗ ಬಿಟ್ಟುಹೋಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ವರ್ಷಕ್ಕೆ ಎಷ್ಟು ಜನ ಬಿಟ್ಟರು ಎಂಬ ಅಂಕಿ ಕೊಡಲು ಹಿಂಜರಿಯಬೇಕಿಲ್ಲ. ಸರಾಸರಿ 22 ಜನರಲ್ಲಿ 13 ಜನ ಬಿಟ್ಟಿದ್ದರೆ ಶೇ 59, ಮರುವರ್ಷ 8 ಜನವಾದರೆ ಶೇ 36. ಬಿಟ್ಟವರಲ್ಲಿ ಎಷ್ಟು ಮಂದಿ ಸೇರಿದ 90 ದಿನದೊಳಗೆ ಹೋದರು ಎಂಬುದನ್ನೂ ತಿಳಿದಿಟ್ಟುಕೊಳ್ಳಿ. ಮೊದಲ ತಿಂಗಳುಗಳಲ್ಲೇ ಹೋದರೆ ದೋಷ ಆಯ್ಕೆಯಲ್ಲಿ ಅಥವಾ ಕಲಿಸುವುದರಲ್ಲಿ. ಒಂದು ವರ್ಷವಾದ ಮೇಲೆ ಹೋದರೆ ಸಂಬಳ, ಬಡ್ತಿಯ ವಿಚಾರ. ನಿಮ್ಮ ಕೆಳಗಿದ್ದವರಲ್ಲಿ ಯಾರಾದರೂ ಸೂಪರ್‌ವೈಸರ್ ಅಥವಾ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದರೆ ಅದು ಈ ಭಾಗದ ಅತಿ ಬೆಲೆಯುಳ್ಳ ಸಾಲು.

ಪುಟದಲ್ಲಿ ಎಲ್ಲಿ ಏನು

ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗದಲ್ಲಿ ‘ಗುರಿ’, ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಮಾತುಗಳ ಬದಲು ಸ್ಟೋರ್‌ನ ಪರಿಚಯ ಎರಡು ಸಾಲಲ್ಲಿ ಇರಲಿ: ಬಟ್ಟೆ ವಿಭಾಗ, ದಾವಣಗೆರೆ, 8,000 ಚದರ ಅಡಿ, ವಾರ್ಷಿಕ ಸೇಲ್ಸ್, ಸಿಬ್ಬಂದಿ, ಬಿಲ್ಲಿಂಗ್ ಕೌಂಟರ್‌ಗಳ ಸಂಖ್ಯೆ, ಬಳಸುವ ಬಿಲ್ಲಿಂಗ್ ಸಾಫ್ಟ್‌ವೇರ್. ಸ್ಟೋರ್ ಗಾತ್ರ ತಿಳಿಯದೆ ಮುಂದಿನ ಯಾವ ಅಂಕಿಯೂ ಅರ್ಥ ಕೊಡುವುದಿಲ್ಲ. ಅದರ ಕೆಳಗೆ ಕ್ರಮವಾಗಿ ಸೇಲ್ಸ್, ಶ್ರಿಂಕೇಜ್, ಸ್ಟಾಕ್, ಟೀಮ್, ಒಟ್ಟು ಐದಾರು ಸಾಲು. ಹಿಂದಿನ ಹುದ್ದೆಗಳಿಗೆ ತಲಾ ಎರಡು ಸಾಲು ಸಾಕು. ಎರಡು ಪುಟ ದಾಟಬೇಡಿ. ಬೆಂಗಳೂರಿನ ಚೈನ್‌ಗಳಿಗೆ ರೆಸ್ಯೂಮೆ ಇಂಗ್ಲಿಷ್‌ನಲ್ಲೇ ಹೋಗಬೇಕು, ಮೇಲಿನ ಸಾಲುಗಳನ್ನು ಅಷ್ಟೇ ಚಿಕ್ಕದಾಗಿ ಇಂಗ್ಲಿಷ್‌ನಲ್ಲಿ ಬರೆದುಕೊಳ್ಳಿ. ತಂದೆಯ ಹೆಸರು, ಜಾತಿ, ಕೊನೆಯಲ್ಲಿ ‘ಮೇಲಿನದೆಲ್ಲ ಸತ್ಯ’ ಎಂಬ ಘೋಷಣೆ ಬೇಡ. ಎರಡು ಕಾಲಮ್‌ನ ಬಣ್ಣದ ವಿನ್ಯಾಸವನ್ನು ಜಾಬ್ ಸೈಟ್‌ಗಳ ಸಾಫ್ಟ್‌ವೇರ್ ಕೆಲವೊಮ್ಮೆ ಸಾಲು ಕಲಸಿ ಓದುತ್ತದೆ. ಒಂದೇ ಕಾಲಮ್ ಸುರಕ್ಷಿತ, ನಾನು ಇಲ್ಲಿ ಕೊಟ್ಟ ಕೋಷ್ಟಕವನ್ನೂ ಅದರೊಳಗೆ ಹಾಕಬೇಡಿ.

ಕಂಪನಿಯ ಗುಟ್ಟಿನ ವಿಚಾರಕ್ಕೆ ಬಂದರೆ, ಕೆಲಸದ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇದೆಯೇ ನೋಡಿ. ಇದ್ದರೆ ಸೇಲ್ಸ್ ಮೊತ್ತ ಬಿಟ್ಟು ಶೇಕಡಾವಾರು ಮಾತ್ರ ಕೊಡಿ, ಸ್ಟೋರ್ ಗಾತ್ರವನ್ನು ‘₹5–10 ಕೋಟಿ ಶ್ರೇಣಿ’ ಎಂದು ಬರೆಯಿರಿ. ವರದಿಯ ಸ್ಕ್ರೀನ್‌ಶಾಟ್, ಆಡಿಟ್ ಶೀಟ್ ಯಾರಿಗೂ ಕಳಿಸಬೇಡಿ. ಇಂದಿನ ಕಂಪನಿಯ ಕಾಗದ ಹೊರಗೆ ಕೊಟ್ಟವರು ನಾಳೆ ತಮ್ಮದನ್ನೂ ಕೊಡುತ್ತಾರೆ ಎಂದು ಎದುರಿಗಿರುವವರು ಲೆಕ್ಕ ಹಾಕುತ್ತಾರೆ. ಅಂಕಿಗಳನ್ನು ಒಂದು ಹಾಳೆಯಲ್ಲಿ ನಿಮ್ಮ ಕೈಬರಹದಲ್ಲೇ ಬರೆದಿಟ್ಟುಕೊಂಡು, ಯಾವ ತಿಂಗಳು, ಯಾವ ಆಡಿಟ್, ಯಾವ ಆಧಾರ ಎಂಬುದನ್ನು ಬಾಯಲ್ಲಿ ಹೇಳುವಂತೆ ತಯಾರಾಗಿ. ಟೇಬಲ್ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂರುವವರೂ ಇದ್ದಾರೆ.